ಅವನ ಅಮ್ಮನಿಗೆ ಕಳಿಸಿದ ಆಡಿಯೋ

1/10
ಫೋಟೋದಲ್ಲಿರೋದು ನಮ್ಮ ಡೆಲಿವರಿ ಹಬ್‌ನ ರ್ಯಾಕ್. ನೀಲಿ ಮಾರ್ಕರ್‌ನಲ್ಲಿ ಬರೆದಿರೋ ಅಕ್ಷರ ಜೂಮ್ ಮಾಡಿ ನೋಡಿ. ಲಗ್ಗೆರೆ, ಕುರುಬರಹಳ್ಳಿ, ಸುಂಕದಕಟ್ಟೆ, ಹೆಗ್ಗನಹಳ್ಳಿ. ಬರೆದವನು ನಮ್ಮ ಟೀಮಿನ ಹುಡುಗ. ಎರಡು ತಿಂಗಳ ಹಿಂದೆ ತೀರಿಕೊಂಡ. ಅವನ ಹೆಸರು, ಊರಿನ ಹೆಸರು ಇಲ್ಲಿ ಬರೆಯಲ್ಲ, ಅದು ಅವರ ಮನೆಯವರದು. ನಾಗಮಂಗಲದ ಕಡೆಯವನು, ವಯಸ್ಸು 24, ಅಷ್ಟು ಸಾಕು.

ಅವನು ಹೋದ ನಾಲ್ಕನೇ ದಿನ ನಾನು ಅವನ ಅಪ್ಪ ಅಮ್ಮನಿಗೆ ಒಂದು ಆಡಿಯೋ ರೆಕಾರ್ಡ್ ಮಾಡಿ ಕಳಿಸಿದೆ. 1 ನಿಮಿಷ 12 ಸೆಕೆಂಡಿನದು. ಅದನ್ನ ಮಾಡೋಕೆ ಎರಡು ರಾತ್ರಿ ಹಿಡೀತು. ನಮ್ಮ ಬ್ಯಾಚ್‌ನಲ್ಲೇ ಈಗ ಆರೇಳು ಜನ ಟೀಮ್ ಲೀಡ್ ಆಗಿದ್ದೀರ. ಶಿಫ್ಟ್ ಹಾಕೋದು, ರಜೆ ಅಪ್ರೂವ್ ಮಾಡೋದು, ಅಪ್ರೈಸಲ್ ಬರೆಯೋದು ಎಲ್ಲಾ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟರು. ಟೀಮಿನ ಹುಡುಗ ತೀರಿಕೊಂಡರೆ ಅವನ ಅಮ್ಮನ ಹತ್ತಿರ ಏನು ಮಾತಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಮೇಲಿನವರು 'ಎಚ್‌ಆರ್ ಮೇಲ್ ಹಾಕ್ತಾರೆ, ನೀನು ತಲೆ ಕೆಡಿಸ್ಕೋಬೇಡ' ಅಂದರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆ ಮಾತನ್ನ ಎಚ್‌ಆರ್ ಆಡಬಾರದು. ಅವನಿಗೆ ದಿನಾ ಕೆಲಸ ಹೇಳ್ತಿದ್ದವರೇ, ತಮ್ಮ ಬಾಯಿಂದ, ಮನೆಯವರ ಭಾಷೆಯಲ್ಲಿ, ಒಂದೂವರೆ ನಿಮಿಷ ಮೀರದ ಹಾಗೆ ಆಡಬೇಕು. ಯಾಕೆ ಅಂತ ಹೇಳೋಕೆ ಇಷ್ಟು ಭಾಗ ಬೇಕಾಯ್ತು. ಇಲ್ಲಿ ಒಂದು ಕ್ಯಾಪ್ಶನ್‌ಗೆ 2200 ಅಕ್ಷರ ಅಷ್ಟೇ ಬಿಡೋದು, ಅದಕ್ಕೇ ತುಂಡು ತುಂಡು.

2/10
ಏನಾಯ್ತು ಅಂತ ಚಿಕ್ಕದಾಗಿ ಹೇಳ್ತೀನಿ. ಬುಧವಾರ ರಾತ್ರಿ ಶಿಫ್ಟ್, 10ರಿಂದ ಬೆಳಿಗ್ಗೆ 6. ಲೋಡ್ ತರೋ ಗಾಡಿ ಲೇಟ್ ಆಯ್ತು. ಐದೂವರೆಗೆ ನಾನೇ ಅವನಿಗೆ ಫೋನ್ ಮಾಡಿ 'ಇನ್ನೊಂದ್ ಸ್ವಲ್ಪ ಹೊತ್ತು ಇರೋ, ಬೆಳಗಿನ ಹುಡುಗರು ಇಬ್ಬರು ಬರ್ತಿಲ್ಲ' ಅಂದೆ. 'ಆಯ್ತಕ್ಕ' ಅಂದ. 8 ಗಂಟೆ 10ಕ್ಕೆ ಔಟ್ ಪಂಚ್ ಮಾಡಿ ಬೈಕ್ ತಗೊಂಡು ಹೊರಟ. ರೂಮ್ ತಲುಪಲಿಲ್ಲ.

ಗುರುವಾರ ಪೂರ್ತಿ ಆಸ್ಪತ್ರೆ, ಸ್ಟೇಷನ್, ಪೋಸ್ಟ್ ಮಾರ್ಟಮ್. ಸಂಜೆ ಆಂಬುಲೆನ್ಸ್‌ನಲ್ಲಿ ನಮ್ಮ ಇಬ್ಬರು ಹುಡುಗರು ಊರಿಗೆ ಹೋದರು. ನಾನು ಸ್ಟೇಷನ್‌ನಲ್ಲಿ ಹೇಳಿಕೆ ಕೊಡೋಕೆ ಉಳಿದೆ. ಶುಕ್ರವಾರ ಬೆಳಿಗ್ಗೆ ಮಣ್ಣು ಆಗಿಹೋಯ್ತು. ನಾನು ಮುಖ ನೋಡಲಿಲ್ಲ.

ಅದೇ ಶುಕ್ರವಾರ ಮಧ್ಯಾಹ್ನ ಕಂಪನಿಯಿಂದ ಮೇಲ್ ಹೋಯ್ತು. ಅವನ ಫೈಲ್‌ನಲ್ಲಿ ತುರ್ತಿಗೆ ಅಂತ ಕೊಟ್ಟಿದ್ದ ಅಕ್ಕನ ಗಂಡನ ಮೇಲ್ ಐಡಿಗೆ. ಇಂಗ್ಲಿಷ್‌ನಲ್ಲಿ ನಾಲ್ಕು ಪ್ಯಾರಾ. ಮೇಲೆ ಲೋಗೋ, ಕೆಳಗೆ ಮೂರು ಜನರ ಹೆಸರು. ಅವನ ಹೆಸರಿನ ಸ್ಪೆಲ್ಲಿಂಗ್ ಎರಡು ಕಡೆ ಎರಡು ಥರ ಇತ್ತು. ಕೊನೇ ಪ್ಯಾರಾದಲ್ಲಿ ಐಡಿ ಕಾರ್ಡು, ಸ್ಕ್ಯಾನರ್ ವಾಪಸ್ ಕೊಡೋ ವಿಷಯ.

ಆ ಭಾವ ನನಗೆ ಫೋನ್ ಮಾಡಿದಾಗ ಅದರ ಬಗ್ಗೆ ಬೈಯಲಿಲ್ಲ. ಅವರು ಹೇಳಿದ್ದು ಇಷ್ಟೇ: 'ಅತ್ತೆ ಕೇಳ್ತಾವ್ರೆ ಮೇಡಂ. ಅವ್ನು ಯಾವಾಗ್ಲೂ ಅಕ್ಕ ಅಕ್ಕ ಅಂತಿದ್ನಲ್ಲ, ಆವಮ್ಮ ಏನೂ ಅನ್ನಲಿಲ್ವಾ ಅಂತ.'

ಅಲ್ಲಿಂದ ಶುರು ಆಯ್ತು.

3/10
ಫೋನ್ ಮಾಡಬಹುದಿತ್ತಲ್ಲ, ರೆಕಾರ್ಡ್ ಯಾಕೆ? ನನ್ನ ರೂಮ್‌ಮೇಟ್ ಇದನ್ನೇ ಕೇಳಿದಳು. ರೆಕಾರ್ಡ್ ಮಾಡಿದ ಮಾತು ತಣ್ಣಗಿರುತ್ತೆ ಅಂತ ಅವಳ ವಾದ.

ನಾನು ಫೋನ್ ಮಾಡಿದ್ದೆ ಕೂಡ, ಶುಕ್ರವಾರ ಸಂಜೆ. ಆ ಕಡೆ ಮನೆ ತುಂಬಾ ಜನ. ಯಾರೋ ಫೋನ್ ಅಮ್ಮನ ಕಿವಿಗೆ ಹಿಡಿದರು. ಅವರು ಅಳ್ತಾ 'ಊಟ ಆಯ್ತಾ ಕಣವ್ವ' ಅಂದುಬಿಟ್ಟರು. ಯೋಚನೆ ಮಾಡಿ. ಮಗನ್ನ ಆವತ್ತೇ ಮಣ್ಣು ಮಾಡಿ ಬಂದಿರೋ ಅಮ್ಮ, ಫೋನ್ ಆ ಕಡೆ ಯಾರೋ ಬೆಂಗಳೂರಿನವರು ಇದ್ದಾರೆ ಅಂತ ಮರ್ಯಾದೆಗೆ ನನ್ನ ಊಟ ವಿಚಾರಿಸಿದರು. ಫೋನ್ ಅಂದ್ರೆ ಅದೇ. ಈ ಕಡೆಯವರು ಮಾತಾಡಿದರೆ ಆ ಕಡೆಯವರು ಏನಾದರೂ ಹೇಳಲೇಬೇಕು. 'ಹೂಂ' ಅನ್ನೋದಾದರೂ ಅವರ ಮೇಲೆ ಒಂದು ಕೆಲಸ. ನಾನು ಎರಡು ಮಾತಾಡಿ ಅತ್ತುಬಿಟ್ಟೆ, ಅವರೇ ನನ್ನನ್ನ ಸಮಾಧಾನ ಮಾಡಿದರು. ಇಟ್ಟಮೇಲೆ ನಾಚಿಕೆ ಆಯ್ತು.

ರೆಕಾರ್ಡ್‌ಗೆ ಉತ್ತರ ಕೊಡಬೇಕಿಲ್ಲ. ಕೇಳೋ ಹಾಗಿದ್ದಾಗ ಕೇಳಬಹುದು, ಅರ್ಧಕ್ಕೆ ನಿಲ್ಲಿಸಬಹುದು, ಮತ್ತೆ ಕೇಳಬಹುದು. ದುಬೈಯಲ್ಲೋ ಮುಂಬೈಯಲ್ಲೋ ಇರೋ ಚಿಕ್ಕಪ್ಪನಿಗೆ ಕೇಳಿಸಬಹುದು. ಕಾಗದ ಬರೆದಿದ್ರೆ? ಅವರಮ್ಮನಿಗೆ ಓದೋಕೆ ಬರಲ್ಲ, ಅಪ್ಪ ಕನ್ನಡಕ ಹಾಕ್ಕೊಂಡು ನಿಧಾನ ಓದ್ತಾರೆ. ಯಾರೋ ಹತ್ತಿರ ಓದಿಸಿದರೆ ಆ ಓದಿದವರ ದನಿ ಕೇಳುತ್ತೆ, ನನ್ನದಲ್ಲ. ಮಗ 'ಅಕ್ಕ' ಅಂತಿದ್ದವಳ ದನಿ ಹೇಗಿದೆ ಅನ್ನೋದು ಕೂಡ ಅವರಿಗೆ ಒಂದು ವಿಷಯ.

ಆದರೆ ಒಂದು. ಸಾವಿನ ಸುದ್ದಿಯನ್ನ ಯಾವತ್ತೂ ರೆಕಾರ್ಡ್ ಮಾಡಿ ಕಳಿಸಬಾರದು. ಅದು ಎದುರಿಗೆ ಹೋಗಿ, ಆಗದಿದ್ದರೆ ಫೋನ್‌ನಲ್ಲಿ, ಮನೆಯ ಒಬ್ಬ ಗಟ್ಟಿ ಮನುಷ್ಯನಿಗೆ ಹೇಳೋದು. ನಾನು ಹೇಳ್ತಿರೋದು ಅದಾದಮೇಲಿನ ಮಾತು.

4/10
ನನ್ನ ಮೊದಲ ರೆಕಾರ್ಡಿಂಗ್ 4 ನಿಮಿಷ 10 ಸೆಕೆಂಡ್ ಇತ್ತು. ಇನ್ನೂ ನನ್ನ ಫೋನಲ್ಲಿದೆ. ಕೇಳಿದರೆ ಮೈ ಉರಿಯುತ್ತೆ.

ಶುರುವಿನಲ್ಲೇ ನನ್ನ ಹೆಸರು, ಹುದ್ದೆ, ಕಂಪನಿ ಹೆಸರು. ಅಭ್ಯಾಸ ಬಲ, ಮೀಟಿಂಗ್‌ನಲ್ಲಿ ಪರಿಚಯ ಮಾಡ್ಕೊಳ್ಳೋ ಹಾಗೆ. ಆಮೇಲೆ 'ನಮ್ಮ ಇಡೀ ಸಂಸ್ಥೆಯ ಪರವಾಗಿ'. ಆಮೇಲೆ 'ಇದು ನಮಗೆ ತುಂಬಲಾರದ ನಷ್ಟ'. ಈ ಮಾತನ್ನ ನಾವು ಪೇಪರ್‌ನಲ್ಲಿ ಎಷ್ಟು ಸಲ ಓದಿದ್ದೀವಿ ಅಂದರೆ, ಬಾಯಿಗೆ ತಾನಾಗೇ ಬರುತ್ತೆ. ಮಂತ್ರಿ ಯಾರಾದರೂ ತೀರಿಕೊಂಡರೆ ಇನ್ನೊಬ್ಬ ಮಂತ್ರಿ ಹೇಳೋ ಮಾತು ಅದು. ಅಷ್ಟಕ್ಕೂ ನಷ್ಟ ತುಂಬಿತ್ತಲ್ಲ? ಮುಂದಿನ ಸೋಮವಾರವೇ ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಬಂದ. ಅವನ ತಮ್ಮನೋ ಭಾವನೋ ಸಾಮಾನು ತಗೊಂಡು ಹೋಗೋಕೆ ಹಬ್‌ಗೆ ಬಂದು ನೋಡಿದ್ರೆ?

'ಅವನು ನಮ್ಮ ಸ್ಟಾರ್ ಪರ್ಫಾರ್ಮರ್' ಅಂತಲೂ ಅಂದಿದ್ದೆ. ನಿಜ ಅಲ್ಲ. ವಾರಕ್ಕೊಂದ್ಸಲ ಲೇಟಾಗಿ ಬರ್ತಿದ್ದ, ನಾನೇ ಬೈದಿದ್ದೀನಿ. ಅವನ ಜೊತೆ ಕೆಲಸ ಮಾಡ್ತಿದ್ದವರು ಅದನ್ನ ಕೇಳಿದ್ರೆ ನಗ್ತಿದ್ರು, ಅವನೂ ನಗ್ತಿದ್ದ. ಸತ್ತವರನ್ನ ಹೊಗಳಬೇಕು ಅಂತ ಸುಳ್ಳು ಹೊಗಳಿದರೆ ಹೊಗಳಿದ್ದು ಅವನನ್ನಲ್ಲ, ಬೇರೆ ಯಾರನ್ನೋ.

ಇಷ್ಟಾದಮೇಲೆ ನಾನು ಅತ್ತಿದ್ದೀನಿ, ಸುಮಾರು ನಲವತ್ತು ಸೆಕೆಂಡ್. ಅದು ನಾಟಕ ಅಲ್ಲ. ಆದರೂ ತೆಗೆದೆ. ಶುಕ್ರವಾರ ಫೋನ್‌ನಲ್ಲಿ ಆದದ್ದೇ ಇಲ್ಲೂ ಆಗ್ತಿತ್ತು. ನನ್ನ ಅಳು ಕೇಳಿಸಿಕೊಂಡು ಅವರು ನನಗೆ ಸಮಾಧಾನ ಹೇಳಬೇಕು ಅನ್ನೋ ಹಾಗೆ. ದನಿ ಸ್ವಲ್ಪ ನಡುಗಿದರೆ ನಡುಗಲಿ. ಮಾತು ನಿಂತುಹೋದರೆ ಮಾತ್ರ ನಿಲ್ಲಿಸಿ, ನೀರು ಕುಡಿದು, ಮತ್ತೆ ಮಾಡಿ.

5/10
ಆ ನಾಲ್ಕು ನಿಮಿಷದಲ್ಲಿ ಇನ್ನೂ ಎರಡು ವಿಷಯ ಇದ್ದವು. ಅವೇ ಅಪಾಯದವು.

ಒಂದು, 'ಕಂಪನಿ ನಿಮ್ಮನ್ನ ಕೈಬಿಡಲ್ಲ, ಎಲ್ಲಾ ನೋಡ್ಕೊಳ್ಳುತ್ತೆ'. ಹೇಳೋವಾಗ ಎಷ್ಟು ಹಾಯಾಗಿತ್ತು! ಆದರೆ ಕಂಪನಿ ಏನು ನೋಡ್ಕೊಳ್ಳುತ್ತೆ ಅನ್ನೋದು ನನ್ನ ಕೈಯಲ್ಲಿದೆಯಾ? ಇಲ್ಲ. ಆ ಮನೆಯವರು ಆ ಆಡಿಯೋ ಇಟ್ಕೊಂಡು ಆರು ತಿಂಗಳು ಕಾಯ್ತಾರೆ. ಆಮೇಲೆ ಏನೂ ಬರದಿದ್ದರೆ, ಮಗನ ಬಗ್ಗೆ ಆಡಿದ ಒಳ್ಳೇ ಮಾತೂ ಸುಳ್ಳಾಗಿ ಕೇಳುತ್ತೆ. ನೀವೇ ಸ್ವಂತ ಕೈಯಿಂದ ಮಾಡಬಹುದಾದ್ದನ್ನ ಮಾತ್ರ ಹೇಳಿ. ನಾನು ಕೊನೆಗೆ ಉಳಿಸಿಕೊಂಡ ಒಂದೇ ಭರವಸೆ 'ತಿಥಿಗೆ ಬರ್ತೀನಿ'. ಬಸ್ ಹತ್ತಿದರೆ ಆಗೋ ಕೆಲಸ.

ದುಡ್ಡಿನ ವಿಷಯ ಬೇಡವೇ ಬೇಡ ಅಂತಲ್ಲ. ಅದು ತುಂಬಾ ಬೇಕು, ಆದರೆ ಬೇರೆ ದಿನ, ಬೇರೆ ದಾರಿಯಲ್ಲಿ, ಬರಹದಲ್ಲಿ. ಪಿಎಫ್ ದುಡ್ಡಿಗೆ ಫಾರ್ಮ್ 20, ಪಿಎಫ್ ಜೊತೆಗಿರೋ ವಿಮೆಗೆ ಫಾರ್ಮ್ 5ಐಎಫ್. ಆ ವಿಮೆ ಗರಿಷ್ಠ 7 ಲಕ್ಷದವರೆಗೆ ಇದೆ, ಎಷ್ಟೋ ಮನೆಯವರಿಗೆ ಅದು ಇದೆ ಅನ್ನೋದೇ ಗೊತ್ತಿರಲ್ಲ. ಗ್ರಾಚ್ಯುಟಿಗೆ ಐದು ವರ್ಷ ಆಗಿರಬೇಕು ಅನ್ನೋ ನಿಯಮ ಸಾವಿನ ಸಂದರ್ಭಕ್ಕೆ ಇಲ್ಲ. ಇದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹನ್ನೊಂದು ದಿನ ಕಳೆದಮೇಲೆ ಭಾವನ ಕೈಗೆ ಕೊಟ್ಟೆ. ಅಮ್ಮ ಮತ್ತೆ ಮತ್ತೆ ಕೇಳೋ ಆಡಿಯೋದಲ್ಲಿ ಫಾರ್ಮ್ ನಂಬರ್ ಇರಬಾರದು. ಬ್ಯಾಂಕ್ ಪಾಸ್‌ಬುಕ್ ಕಳಿಸಿ ಅನ್ನೋ ಮಾತಂತೂ ಇರಲೇಬಾರದು.

ಎರಡನೇದು ಹೇಳೋಕೆ ಕಷ್ಟ. ಮುಂದಿನ ಭಾಗದಲ್ಲಿ.

6/10
ಮೊದಲ ರೆಕಾರ್ಡಿಂಗ್‌ನಲ್ಲಿ ನಾನು ಹೇಳಿದ್ದೆ: 'ಅಮ್ಮಾ, ಆವತ್ತು ಅವನನ್ನ ಇರು ಅಂದವಳು ನಾನೇ. ಆರಕ್ಕೇ ಬಿಟ್ಟಿದ್ದರೆ ಹೀಗಾಗ್ತಿರಲಿಲ್ಲ. ನನ್ನನ್ನ ಕ್ಷಮಿಸಿ.'

ಇದು ನಿಜ. ಇಡೀ ನಾಲ್ಕು ನಿಮಿಷದಲ್ಲಿ ಅತ್ಯಂತ ನಿಜವಾದ ಮಾತು ಇದೇ. ಅದನ್ನ ತೆಗೀಬೇಕಾ ಬೇಡವಾ ಅಂತಲೇ ಎರಡನೇ ರಾತ್ರಿ ಕಳೀತು. ತೆಗೆದರೆ ಮುಚ್ಚಿಟ್ಟ ಹಾಗಲ್ವಾ?

ನಮ್ಮ ಹಬ್‌ನಲ್ಲಿ ಲೋಡಿಂಗ್ ನೋಡ್ಕೊಳ್ಳೋ ಒಬ್ಬ ಹಿರಿಯರಿದ್ದಾರೆ, ಸ್ವಂತ ಮಗನ್ನ ಕಳ್ಕೊಂಡವರು. ಅವರಿಗೆ ಕೇಳಿಸಿದೆ. ಕೇಳಿ ಸುಮ್ಮನಿದ್ದು ಅಂದರು: 'ಈಗ ಆಯಮ್ಮ ಏನ್ ಮಾಡ್ಬೇಕಮ್ಮ? ಕ್ಷಮಿಸ್ದೆ ಅನ್ಬೇಕಾ, ಇಲ್ಲ ಅನ್ಬೇಕಾ? ಯಾವ್ದಂದ್ರೂ ಆಯಮ್ಮಂಗೇ ಭಾರ. ನಿಂಗೆ ಹೇಳ್ಬೇಕು ಅನ್ಸಿದ್ರೆ ಹೋಗು, ಎದುರ್ಗೆ ನಿಂತ್ಕೊ, ಬೈದ್ರೆ ಬೈಸ್ಕೊ. ಫೋನಲ್ಲಿ ಕಳ್ಸಿ ತಪ್ಪಿಸ್ಕೊಬೇಡ.'

ಆಮೇಲೆ ನನಗೆ ಹೊಳೀತು. ನಾನು ಸಾಂತ್ವನ ಹೇಳ್ತಿರಲಿಲ್ಲ, ಕೇಳ್ತಿದ್ದೆ. ಮಗ ಹೋದ ನಾಲ್ಕನೇ ದಿನಕ್ಕೆ ಆ ಅಮ್ಮನ ಹತ್ತಿರ ನನ್ನ ನಿದ್ದೆ ವಾಪಸ್ ಕೊಡಿ ಅಂತಿದ್ದೆ.

ಹಾಗಂತ ಆ ವಿಷಯ ಆಡಿಯೋದಿಂದ ತೆಗೆದು ಸುಮ್ಮನೆ ಕೂರೋದೂ ಸರಿ ಅಲ್ಲ. ಅದಕ್ಕೆ ಸರಿಯಾದ ಜಾಗ ಬೇರೆ ಇದೆ. ಒಂದು, ಮನೆಯವರ ಎದುರು. ಇನ್ನೊಂದು, ಆಫೀಸಿನ ಕಾಗದ. ಅಪಘಾತದ ರಿಪೋರ್ಟ್ ಬರೆಯೋವಾಗ ಒಬ್ಬರು 'ಶಿಫ್ಟ್ 6ಕ್ಕೆ ಮುಗೀತು ಅಂತ ಬರಿ, ಸಿಂಪಲ್ ಆಗಿರುತ್ತೆ' ಅಂದರು. ನಾನು 8.10 ಅಂತಲೇ ಬರೆದೆ, ಐದೂವರೆಗೆ ನಾನೇ ಫೋನ್ ಮಾಡಿ ಇರು ಅಂದೆ ಅಂತಲೂ ಬರೆದೆ.

ಯಾಕೆ ಅಂದ್ರೆ, ಇಎಸ್‌ಐ ಇರೋ ಕೆಲಸಗಾರ ಕೆಲಸಕ್ಕೆ ಹೋಗೋ, ಬರೋ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕರೆ, ಆ ಸಮಯ, ಆ ದಾರಿ ಕೆಲಸಕ್ಕೆ ಹೊಂದಿದರೆ, ಅದನ್ನ ಕೆಲಸದಲ್ಲಾದ ಅಪಘಾತ ಅಂತಲೇ ಲೆಕ್ಕ ಹಾಕ್ತಾರೆ. ಅವನನ್ನು ನಂಬಿಕೊಂಡಿದ್ದವರಿಗೆ ತಿಂಗಳು ತಿಂಗಳು ದುಡ್ಡು ಬರೋ ಹಕ್ಕು ಅದರಲ್ಲಿದೆ. ಕಾಗದದಲ್ಲಿ 6 ಗಂಟೆ ಅಂತಿದ್ದು ಅಪಘಾತ ಎಂಟೂಕಾಲರ ಮೇಲೆ ಆಗಿದ್ದರೆ, ಎರಡು ಗಂಟೆ ಎಲ್ಲಿದ್ದ ಅನ್ನೋ ಪ್ರಶ್ನೆ ಬರುತ್ತೆ. ಉತ್ತರ ಕೊಡೋಕೆ ಅವನಿರಲ್ಲ. ನನ್ನ 'ಕ್ಷಮಿಸಿ'ಗಿಂತ ಆ 8.10 ಅವರಿಗೆ ಹೆಚ್ಚು ಬೇಕಿತ್ತು.

7/10
ಹಾಗಾದರೆ ಆಡಿಯೋದಲ್ಲಿ ಏನಿರಬೇಕು? ನನ್ನ ಪ್ರಕಾರ ಒಂದೇ ಒಂದು. ಮನೆಯವರಿಗೆ ಗೊತ್ತಿಲ್ಲದ, ನಿಮಗೆ ಮಾತ್ರ ಗೊತ್ತಿರೋ ಅವನ ಒಂದು ವಿಷಯ.

ಅವನು ಒಳ್ಳೇ ಮಗ ಅಂತ ಅವರಿಗೆ ನೀವು ಹೇಳಬೇಕಾ? ಚಿಕ್ಕವನಿದ್ದಾಗ ಹೇಗಿದ್ದ, ಏನು ತಿಂತಿದ್ದ, ಎಲ್ಲಾ ಅವರಿಗೆ ಗೊತ್ತು. ಗೊತ್ತಿಲ್ಲದೇ ಇರೋದು ಬೆಂಗಳೂರಿನ ಆ ದಿನದ ಎಂಟು ಒಂಬತ್ತು ಗಂಟೆ. ಊರಲ್ಲಿ ಕೂತವರಿಗೆ ಮಗ 'ಕಂಪನೀಲಿ ಅವ್ನೆ' ಅಷ್ಟೇ. ಅಲ್ಲಿ ಎಲ್ಲಿ ನಿಲ್ತಿದ್ದ, ಯಾರ ಜೊತೆ ಟೀ ಕುಡೀತಿದ್ದ ಗೊತ್ತಿಲ್ಲ. ಆ ಗಂಟೆಗಳು ಇರೋದು ನಿಮ್ಮ ಹತ್ತಿರ. ಅದರಲ್ಲಿ ಒಂದನ್ನ ಅವರಿಗೆ ಕೊಡಿ.

ಅದು ನಾಲ್ಕೈದು ವಾಕ್ಯದಲ್ಲಿ ಹೇಳಿ ಮುಗಿಯೋ ಹಾಗಿರಬೇಕು. ಕೆಲಸದ ಭಾಷೆ ಗೊತ್ತಿಲ್ಲದವರಿಗೂ ಕಣ್ಣಿಗೆ ಕಟ್ಟಬೇಕು. ಪೂರ್ತಿ ನಿಜ ಇರಬೇಕು, ಅವನ ಗೆಳೆಯರು ಕೇಳಿದರೆ 'ಹೌದಲ್ವಾ' ಅನ್ನಬೇಕು. ನಾನು ಮೊದಲು ಇನ್ನೊಂದು ಬರೆದಿದ್ದೆ, ಒಂದು ತಿಂಗಳು ಅವನ ಕೈಯಿಂದ ಒಂದೂ ತಪ್ಪು ಬ್ಯಾಗಿಂಗ್ ಆಗಿರಲಿಲ್ಲ ಅಂತ. ಬ್ಯಾಗಿಂಗ್ ಅಂದ್ರೇನು ಅಂತ ಅಮ್ಮನಿಗೆ ವಿವರಿಸೋಕೇ ಒಂದು ನಿಮಿಷ ಬೇಕು. ಬಿಟ್ಟೆ.

ಹುಡುಗರನ್ನ ಕೇಳಿದೆ, ಅವನದು ಏನು ನೆನಪಿದೆ ಅಂತ. ಇಬ್ಬರು ಒಂದೇ ಸಲ ರ್ಯಾಕ್ ಕಡೆ ಕೈ ತೋರಿಸಿದರು. ಎರಡು ವರ್ಷದಿಂದ ದಿನಾ ನೋಡ್ತಿದ್ದೆ, ನನಗೇ ಹೊಳೆದಿರಲಿಲ್ಲ. ನೀವೂ ಒಬ್ಬರೇ ಕೂತು ತಲೆ ಕೆರ್ಕೋಬೇಡಿ. ಪಕ್ಕದಲ್ಲಿ ನಿಂತು ಕೆಲಸ ಮಾಡಿದವರನ್ನ ಕೇಳಿ.

ಸಾವು ಹೇಗಾಯ್ತು ಅನ್ನೋ ಮಾತು ಮಾತ್ರ ಎತ್ತಬೇಡಿ, ಒಂದು ಅಕ್ಷರವೂ ಬೇಡ. 'ಅವನು ಸ್ವಲ್ಪ ಸ್ಪೀಡಾಗಿ ಓಡಿಸ್ತಿದ್ದ' ಅಂತ ಪ್ರೀತಿಯಿಂದಲೇ ಅಂದಿರ್ತೀರ. ನೀವು ಕಣ್ಣಾರೆ ನೋಡಿಲ್ಲ. ಅಮ್ಮನಿಗೆ ಅದು ಮಗನದೇ ತಪ್ಪು ಅಂದ ಹಾಗೆ ಕೇಳುತ್ತೆ. ನಾಳೆ ಆ ಆಡಿಯೋ ಇನ್ಶೂರೆನ್ಸ್‌ನವರ ಕೈಗೂ ಹೋಗಬಹುದು.

8/10
ಕೊನೆಗೆ ಕಳಿಸಿದ್ದು ಇದು. ಅವನ ಹೆಸರು ಎರಡು ಸಲ ಇತ್ತು, ಇಲ್ಲಿ ಅದನ್ನ ತೆಗೆದು 'ನಿಮ್ಮ ಮಗ' ಅಂತ ಹಾಕಿದ್ದೀನಿ. ನೀವು ಮಾಡೋವಾಗ ಹೆಸರು ಹೇಳಿ, ಮನೆಯಲ್ಲಿ ಕರೀತಿದ್ದ ಹೆಸರು ಗೊತ್ತಿದ್ದರೆ ಅದನ್ನೇ.

'ಅಮ್ಮಾ, ಅಪ್ಪಾಜಿ, ನಾನು ಬೆಂಗಳೂರಲ್ಲಿ ನಿಮ್ಮ ಮಗನ ಜೊತೆ ಕೆಲಸ ಮಾಡೋಳು. ಅವನು ನನ್ನನ್ನ ಅಕ್ಕ ಅಂತಿದ್ದ. ಅವನು ಹೋಗಿರೋದು ನಮಗೆಲ್ಲ ತುಂಬಾ ಸಂಕಟ ಆಗಿದೆ. ನಿಮ್ಮ ಸಂಕಟ ಎಷ್ಟು ಅಂತ ನಾನು ಹೇಳೋಕಾಗಲ್ಲ. ನಿಮಗೆ ಒಂದು ವಿಷಯ ಹೇಳಬೇಕು ಅಂತ ಮಾತಾಡ್ತಿದ್ದೀನಿ. ನಮ್ಮಲ್ಲಿ ಪಾರ್ಸೆಲ್ ಇಡೋ ಕಪಾಟು ಇದೆ. ಅದರ ಮೇಲೆ ಏರಿಯಾ ಹೆಸರೆಲ್ಲ ಬರೀ ಇಂಗ್ಲಿಷಲ್ಲಿ ಇತ್ತು. ಹೊಸ ಹುಡುಗರು ಓದೋಕೆ ಕಷ್ಟ ಪಡ್ತಿದ್ದರು, ಕೇಳೋಕೆ ನಾಚ್ಕೋತಿದ್ದರು. ನಿಮ್ಮ ಮಗ ಅದನ್ನ ನೋಡಿ, ಯಾರೂ ಹೇಳದೇನೇ ಒಂದು ರಾತ್ರಿ ಕೂತು ಮೂವತ್ತಾರು ಖಾನೆಗೂ ಕನ್ನಡದಲ್ಲಿ ಹೆಸರು ಬರೆದ. ದುಂಡಗೆ ಬರೆದಿದ್ದಾನೆ. ಇವತ್ತೂ ಹುಡುಗರು ಅದನ್ನ ನೋಡ್ಕೊಂಡೇ ಕೆಲಸ ಮಾಡಿದರು. ಇಷ್ಟೇ ಅಮ್ಮಾ. ನೀವು ತಿರುಗಿ ಏನೂ ಹೇಳಬೇಕಾಗಿಲ್ಲ. ನಾನು ತಿಥಿಗೆ ಬರ್ತೀನಿ.'

ಮೊದಲು 'ಅದನ್ನ ಯಾವತ್ತೂ ಅಳಿಸಲ್ಲ' ಅಂತಿತ್ತು. ತೆಗೆದೆ. ಹಬ್ ಬೇರೆ ಕಡೆ ಶಿಫ್ಟ್ ಆದರೆ ರ್ಯಾಕ್ ಏನಾಗುತ್ತೋ. 'ಇವತ್ತೂ' ಅಂತ ಹಾಕಿದೆ, ಅದು ನಿಜ.

'ದೇವರು ದುಃಖ ತಡ್ಕೊಳ್ಳೋ ಶಕ್ತಿ ಕೊಡಲಿ' ಇಲ್ಲ ಅಂತ ಯಾರಾದರೂ ಕೇಳಬಹುದು. ಆ ಮಾತಿನ ಬಗ್ಗೆ ನನಗೆ ತಕರಾರಿಲ್ಲ, ನಮ್ಮಜ್ಜಿ ಹೇಳಿದರೆ ಅದರಲ್ಲಿ ತೂಕ ಇರುತ್ತೆ. ನನ್ನ ಬಾಯಲ್ಲಿ ಅದು ವಾಟ್ಸಾಪ್ ಸ್ಟಿಕ್ಕರ್ ಥರ ಕೇಳ್ತಿತ್ತು, ಅದಕ್ಕೇ ಬಿಟ್ಟೆ. ನಿಮ್ಮ ಬಾಯಲ್ಲಿ ಸಹಜವಾಗಿ ಬಂದರೆ ಇರಲಿ.

9/10
ಮಾಡಿದ್ದು ಹೇಗೆ ಅಂತ ಕೇಳಿದವರಿಗೆ.

ಹಾಳೆಯಲ್ಲಿ ಬರೆದೆ, ಆದರೆ ಓದಲಿಲ್ಲ. ಓದಿದರೆ ಗೊತ್ತಾಗುತ್ತೆ, ವಾಕ್ಯದ ಕೊನೆ ಕೊನೆ ಒಂದೇ ಥರ ಇಳಿಯುತ್ತೆ, ವಾರ್ತೆ ಓದಿದ ಹಾಗೆ. ಮೂರ್ನಾಲ್ಕು ಸಲ ಓದಿಕೊಂಡು, ಹಾಳೆ ಮಗುಚಿಟ್ಟು, ಎದುರಿಗೆ ಅಮ್ಮ ಕೂತಿದ್ದಾರೆ ಅಂದ್ಕೊಂಡು ಮಾತಾಡಿದೆ. ಹಬ್‌ನಲ್ಲಿ ಕನ್ವೇಯರ್ ಸದ್ದು, ಹೊರಗೆ ಹಾರ್ನ್. ಕೊನೆಗೆ ರೂಮಲ್ಲಿ, ಫ್ಯಾನ್ ಆಫ್ ಮಾಡಿ, ಫೋನನ್ನ ಬಾಯಿಂದ ಒಂದು ಗೇಣು ದೂರ ಇಟ್ಕೊಂಡು ಮಾಡಿದೆ. ಸಂಗೀತ ಬೇಡ, ಫೋಟೋ ಜೋಡಿಸಿದ ವಿಡಿಯೋ ಬೇಡ. ಕಳಿಸೋ ಮುಂಚೆ ಕಣ್ಣು ಮುಚ್ಚಿ ಒಂದು ಸಲ ಪೂರ್ತಿ ಕೇಳಿ. 'ನಾನು' ಅನ್ನೋದು ಅವನ ಹೆಸರಿಗಿಂತ ತುಂಬಾ ಹೆಚ್ಚು ಸಲ ಬಂದಿದ್ದರೆ ಮತ್ತೆ ಮಾಡಿ.

ವಾಟ್ಸಾಪ್‌ನ ಮೈಕ್ ಒತ್ತಿ ಮಾಡದೆ ಫೋನಿನ ರೆಕಾರ್ಡರ್‌ನಲ್ಲೇ ಮಾಡಿದೆ. ಆಗ ಅದು ಒಂದು ಫೈಲ್ ಆಗಿ ನನ್ನ ಹತ್ತಿರ ಉಳಿಯುತ್ತೆ. ಅವರ ಫೋನ್ ನೀರಿಗೆ ಬಿದ್ದರೆ, ಹೊಸದು ತಗೊಂಡರೆ, ಮತ್ತೆ ಕಳಿಸಬಹುದು.

ಕಳಿಸಿದ್ದು ಅಮ್ಮನ ಫೋನಿಗಲ್ಲ, ಮನೆಯ ಗ್ರೂಪಿಗಂತೂ ಅಲ್ಲ. ಭಾವನಿಗೆ. ಮೇಲೆ ಒಂದು ಸಾಲು ಬರೆದೆ: 'ಮೊದಲು ನೀವು ಕೇಳಿ. ಅಮ್ಮ ಕೇಳೋ ಹಾಗಿದ್ದರೆ, ಕೇಳ್ತೀನಿ ಅಂದರೆ ಮಾತ್ರ ಕೇಳಿಸಿ.' ಹೊತ್ತನ್ನೂ ನೋಡಬೇಕು. ಮಣ್ಣಾದ ದಿನ ಮನೆ ತುಂಬಾ ಜನ. ಮೂರನೇ ದಿನ ಹಾಲು-ತುಪ್ಪ ಆಗಿ ನೆಂಟರೆಲ್ಲ ಹೊರಟುಹೋಗ್ತಾರೆ. ಅದರ ಮಾರನೇ ದಿನ ಸಂಜೆ ಮನೆ ಖಾಲಿ ಆದಾಗ ನಾನು ಕಳಿಸಿದೆ.

ಎಲ್ಲಾ ಕಡೆ ಇದು ನಡೆಯಲ್ಲ. ಮನೆಯವರಿಗೂ ಕಂಪನಿಗೂ ಜಗಳ ಶುರು ಆಗಿದ್ದರೆ ನಿಮ್ಮ ಆಡಿಯೋ ಉಪ್ಪು ಸವರಿದ ಹಾಗೆ ಆಗಬಹುದು, ಆಗ ಮೊದಲು ಮನೆಯವರಲ್ಲಿ ಒಬ್ಬರನ್ನ ಕೇಳಿ. ನಮ್ಮಲ್ಲಿ ಒಡಿಶಾದ ಹುಡುಗರಿದ್ದಾರೆ, ಅವರ ಮನೆಗೆ ನನ್ನ ಕನ್ನಡವೂ ಆಗಲ್ಲ, ಹರಕು ಹಿಂದಿಯೂ ಸಾಲದು. ಅಂಥ ಕಡೆ ನೀವು ಎರಡು ವಾಕ್ಯ ಹೇಳಿ, ಉಳಿದದ್ದನ್ನ ಅವರ ಭಾಷೆಯ ಗೆಳೆಯ ಅದೇ ರೆಕಾರ್ಡಿಂಗ್‌ನಲ್ಲಿ ಹೇಳೋದು ಒಳ್ಳೇದು.

10/10
ಭಾವ ಅವತ್ತೇ ರಾತ್ರಿ ನೀಲಿ ಟಿಕ್ ಬಂದರೂ ಏನೂ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಕೇಳಬಾರದು.

ಹನ್ನೊಂದನೇ ದಿನ ನಾನೂ ನಾಲ್ಕು ಹುಡುಗರೂ ಹೋದೆವು. ಊಟ ಎಲ್ಲಾ ಮುಗಿದಮೇಲೆ ಅವರಪ್ಪ ಹಿತ್ತಲ ಹುಣಸೆಮರದ ಕೆಳಗೆ ಒಬ್ಬರೇ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತು ಹೇಳಿದೆ, ಇರು ಅಂದವಳು ನಾನೇ ಅಂತ. ಕ್ಷಮಿಸಿ ಅನ್ನಲಿಲ್ಲ, ಆದದ್ದನ್ನ ಅಷ್ಟೇ ಹೇಳಿದೆ. ರಿಪೋರ್ಟ್‌ನಲ್ಲೂ ಹಾಗೇ ಬರೆದಿದ್ದೀನಿ ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ 'ಇರ್ಲಿ ಬುಡವ್ವ' ಅಂದರು. ಅದು ಕ್ಷಮೆಯಾ, ಸಾಕು ಎದ್ದು ಹೋಗು ಅಂತಲಾ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಬೇಕು ಅನ್ನೋ ಹಕ್ಕೂ ನನಗಿಲ್ಲ ಅನ್ಸುತ್ತೆ.

ಹೊರಡೋವಾಗ ಅಮ್ಮ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದರು. ಆಡಿಯೋ ದಿನಾ ಸಂಜೆ ಕೇಳ್ತಾರಂತೆ, ಪಕ್ಕದ ಮನೆ ಹುಡುಗಿ ಹಾಕಿಕೊಡ್ತಾಳಂತೆ. ಅದರ ಬಗ್ಗೆ ಬೇರೇನೂ ಹೇಳಲಿಲ್ಲ. 'ಅದೇನೋ ಬರ್ದವ್ನೆ ಅಂದಲ್ಲವ್ವ, ಎಲ್ಲದೆ ಅದು?' ಅಂದರು.

ನೀವು ಮೊದಲ ಭಾಗದಲ್ಲಿ ನೋಡಿದ ಫೋಟೋ ನಾನು ಅವರಿಗೋಸ್ಕರವೇ ತೆಗೆದಿದ್ದು. ಫೋನ್ ಕೊಟ್ಟೆ. ಓದೋಕೆ ಬರಲ್ಲ, ಆದರೂ ಒಂದೊಂದೇ ಖಾನೆ ದಿಟ್ಟಿಸಿ ನೋಡಿದರು. ನಾನು ಓದ್ತಾ ಹೋದೆ. ಕುರುಬರಹಳ್ಳಿ. ಸುಂಕದಕಟ್ಟೆ. ಲಗ್ಗೆರೆ ಅಂದ ತಕ್ಷಣ ಕೈ ಅಡ್ಡ ಇಟ್ಟರು. ಅವನ ರೂಮ್ ಇದ್ದದ್ದು ಅಲ್ಲಿ. ಊರಲ್ಲಿ ಕೂತು ಎರಡು ವರ್ಷ ಕೇಳಿದ್ದ ಹೆಸರು ಅದೊಂದೇ.

'ಇದಾ ಲಗ್ಗೆರೆ?' ಅಂದರು. ಬೆರಳಲ್ಲಿ ಆ ಅಕ್ಷರದ ಮೇಲೆ ಒಂದು ಸಲ ಎಳೆದರು. ಸ್ಕ್ರೀನ್ ಜರುಗಿ ಪಕ್ಕದ ಫೋಟೋ ಬಂತು, ನಾನು ಮತ್ತೆ ಇದಕ್ಕೇ ತಂದುಕೊಟ್ಟೆ.